ಡೈಕ್‌ಸ್ಟ್ರಾಗೆ ಬೈನರಿ ಹೀಪ್ ಬೇಕೋ, ಬರಿಯ ಅರೇ ಸಾಕೋ?

ಪ್ರಶ್ನೆ: ಕನಿಷ್ಠ ದೂರದ ದಾರಿ ಹುಡುಕಲು ಡೈಕ್‌ಸ್ಟ್ರಾ ಅಲ್ಗಾರಿದಮ್ ಬರೆದಿದ್ದೇನೆ. ಹೀಪ್ ಬಳಸಿದರೆ ವೇಗ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಗ್ರಾಫ್‌ನಲ್ಲಿ 2000 ನೋಡ್‌ಗಳಿವೆ, ಹೆಚ್ಚುಕಡಿಮೆ ಎಲ್ಲದರಿಂದ ಎಲ್ಲಕ್ಕೂ ಎಡ್ಜ್ ಇದೆ. ಇದರಲ್ಲಿ ವಿಂಗಡಿಸದ ಅರೇಯೇ ಬೇಗ ಮುಗಿಸುತ್ತಿದೆ. ಯಾವುದನ್ನು ಉಳಿಸಿಕೊಳ್ಳಲಿ?

ಉತ್ತರ:

ಈ ಗ್ರಾಫ್‌ಗೆ ಅರೇಯನ್ನೇ ಉಳಿಸಿಕೊಳ್ಳಿ. ಆದರೆ ಅದಕ್ಕೆ ಮುನ್ನ ನಿಮ್ಮ ಹೀಪ್ ಕೋಡ್‌ನಲ್ಲಿ ಒಂದು ಸಾಲು ಇದೆಯೇ ಎಂದು ನೋಡಿ. ಆ ಸಾಲು ಇಲ್ಲದಿದ್ದರೆ ನಿಮ್ಮ ಹೋಲಿಕೆಯೇ ಸರಿಯಾಗಿರುವುದಿಲ್ಲ. ಅದು ಯಾವುದು ಎಂದು ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕ. ಈ ಅಲ್ಗಾರಿದಮ್‌ನಲ್ಲಿ ಆದ್ಯತಾ ಸರದಿಗೆ ಇರುವುದು ಎರಡೇ ಕೆಲಸ. ಇನ್ನೂ ಅಂತಿಮವಾಗದ ನೋಡ್‌ಗಳಲ್ಲಿ ಅತಿ ಕಡಿಮೆ ದೂರದ್ದನ್ನು ಆರಿಸಿಕೊಡುವುದು ಒಂದು, ಯಾವುದಾದರೂ ನೋಡ್‌ಗೆ ಇನ್ನೂ ಹತ್ತಿರದ ದಾರಿ ಸಿಕ್ಕಾಗ ಅದರ ದೂರವನ್ನು ಇಳಿಸುವುದು ಇನ್ನೊಂದು. ಅರೇಯಲ್ಲಿ ಆರಿಸುವುದು ದುಬಾರಿ, ಏಕೆಂದರೆ ಪ್ರತಿ ಸಲವೂ ಮೊದಲಿನಿಂದ ಕೊನೆಯವರೆಗೆ ನೋಡಬೇಕು. ಇಳಿಸುವುದು ಮಾತ್ರ ಪುಕ್ಕಟೆ ಎನ್ನುವಷ್ಟು ಅಗ್ಗ: `dist[v]`ಗೆ ಹೊಸ ಸಂಖ್ಯೆ ಬರೆದರೆ ಮುಗಿಯಿತು. ಹೀಪ್‌ನಲ್ಲಿ ಎರಡಕ್ಕೂ ಲಾಗರಿದಮ್‌ನಷ್ಟು ವೆಚ್ಚ. ಹೀಗಾಗಿ ಅರೇಯ ಒಟ್ಟು ವೆಚ್ಚ `V²`, ಹೀಪ್‌ನದು `(V+E) log V`. ಎಡ್ಜ್‌ಗಳ ಸಂಖ್ಯೆಯೇ `V²` ಹತ್ತಿರ ಹೋದಾಗ ಹೀಪ್ ಒಂದು `log V`ಯಷ್ಟು ಹಿಂದೆ ಬೀಳುತ್ತದೆ. ಎಲ್ಲ ಪಠ್ಯಗಳಲ್ಲೂ ಇಲ್ಲಿಯವರೆಗೆ ಇರುತ್ತದೆ.

ಡೈಕ್‌ಸ್ಟ್ರಾ ತಮ್ಮ ಲೇಖನವನ್ನು ಪ್ರಕಟಿಸಿದ್ದು 1959ರಲ್ಲಿ. ಬೈನರಿ ಹೀಪ್ ಬಂದದ್ದು 1964ರಲ್ಲಿ, ವಿಂಗಡಣೆಗಾಗಿ ವಿಲಿಯಮ್ಸ್ ಅದನ್ನು ರೂಪಿಸಿದಾಗ. ಅಂದರೆ ಈ ಅಲ್ಗಾರಿದಮ್ ಹುಟ್ಟಿದಾಗ ಹೀಪ್ ಎಂಬುದೇ ಇರಲಿಲ್ಲ. ಅರೇ ಬಳಸುವುದನ್ನು ಹೊಸಬರ ಸೋಮಾರಿತನ ಎಂದು ಯಾರಾದರೂ ಹೇಳಿದರೆ ನನಗೆ ಬೇಸರವಾಗುತ್ತದೆ. ದಟ್ಟವಾದ ಗ್ರಾಫ್‌ಗೆ ಅದು ಇಂದಿಗೂ ಸರಿಯಾದ ಆಯ್ಕೆ.

ಈಗ ಪಠ್ಯಗಳು ಅವಸರದಲ್ಲಿ ದಾಟಿಹೋಗುವ ಮಾತಿಗೆ ಬರುತ್ತೇನೆ. `E log V` ಎಂಬ ಭಾಗ ಪೂರ್ತಿಯಾಗಿ ತಗಲುವುದು ಪ್ರತಿಯೊಂದು ಎಡ್ಜ್ ಕೂಡ ಯಾವುದೋ ನೋಡ್‌ನ ದೂರವನ್ನು ನಿಜವಾಗಿ ಇಳಿಸಿದಾಗ ಮಾತ್ರ. ಎಡ್ಜ್ ನೋಡಿದೆವು, ದೂರ ಇಳಿಯಲಿಲ್ಲ ಎಂದರೆ ಹೀಪ್ ಅನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಹೀಪ್‌ನ ನಿಜವಾದ ವೆಚ್ಚ ತಿಳಿಯಬೇಕಾದರೆ ಎಡ್ಜ್‌ಗಳನ್ನಲ್ಲ, ದೂರ ಇಳಿದ ಸಲಗಳನ್ನು ಎಣಿಸಬೇಕು.

ಎಲ್ಲ ಎಡ್ಜ್‌ಗಳೂ ದೂರವನ್ನು ಇಳಿಸುವ ಗ್ರಾಫ್ ಒಂದನ್ನು ಕಟ್ಟೋಣ. ನೋಡ್‌ಗಳು 0ರಿಂದ 4. ಸಣ್ಣ ಸಂಖ್ಯೆಯ i ಇಂದ ದೊಡ್ಡ ಸಂಖ್ಯೆಯ ಪ್ರತಿಯೊಂದು jಗೂ ಎಡ್ಜ್ ಇದೆ, ಅದರ ತೂಕ `2(j-i)-1`. ಪಕ್ಕದ ನೋಡ್‌ಗೆ ತೂಕ 1, ಒಂದು ಬಿಟ್ಟು ಮುಂದಿನದಕ್ಕೆ 3, ಎರಡು ಬಿಟ್ಟರೆ 5, ಹೀಗೆ. 0ಯಿಂದ ಹೊರಟರೆ 1, 2, 3, 4ನೇ ನೋಡ್‌ಗಳ ದೂರ ಕ್ರಮವಾಗಿ 1, 3, 5, 7 ಆಗುತ್ತದೆ. ನಂತರ ನೋಡ್ 1 ಹೊರಬರುತ್ತದೆ. ಅದರ ಮೂಲಕ 2, 3, 4ರ ದೂರ 2, 4, 6ಕ್ಕೆ ಇಳಿಯುತ್ತದೆ. ನೋಡ್ 2 ಹೊರಬಂದಾಗ 3 ಮತ್ತು 4ರದ್ದು 3, 5 ಆಗುತ್ತದೆ. ನೋಡ್ 3 ಬಂದಾಗ ಕೊನೆಯದು 4ಕ್ಕೆ ಇಳಿಯುತ್ತದೆ. ನೋಡ್ 4 ಒಂದರ ದೂರವೇ 7, 6, 5, 4 ಎಂದು ನಾಲ್ಕು ಸಲ ಬರೆಯಲ್ಪಟ್ಟಿತು. ಇದ್ದದ್ದು 10 ಎಡ್ಜ್‌ಗಳು, ಹತ್ತೂ ಹೀಪ್‌ಗೆ ಒಂದೊಂದು ನಮೂದನ್ನು ತಳ್ಳಿದವು. ಅವುಗಳಲ್ಲಿ ಉಪಯೋಗಕ್ಕೆ ಬಂದವು 4, ಉಳಿದ 6 ಹಳಸಿದವು.

ಇದೇ ಸೂತ್ರದಲ್ಲಿ 2000 ನೋಡ್‌ಗಳನ್ನು ಇಟ್ಟರೆ ಎಡ್ಜ್‌ಗಳು 19,99,000. ಅಷ್ಟೂ ಸಲ ಹೀಪ್‌ಗೆ ತಳ್ಳಬೇಕು, ಖಾಲಿಯಾಗುವವರೆಗೆ ನಡೆಸಿದರೆ ಅಷ್ಟೂ ಸಲ ಹೊರತೆಗೆಯಬೇಕು. ಹೀಪ್ ದೊಡ್ಡದಾದಾಗ ಪ್ರತಿ ಹೊರತೆಗೆತಕ್ಕೂ ಸುಮಾರು 20 ಮಟ್ಟ ಇಳಿಯಬೇಕಾಗುತ್ತದೆ, ಅಂದರೆ ಸುಮಾರು 4 ಕೋಟಿ ಹೆಜ್ಜೆ. ಅರೇಗೆ 2000 ಸುತ್ತು, ಸುತ್ತಿಗೆ 2000 ನೋಟ, ಒಟ್ಟು 40 ಲಕ್ಷ. ಅದರ ಮೇಲೆ, 2000 ದೂರಗಳನ್ನು ಎಂಟೆಂಟು ಬೈಟ್‌ಗಳಲ್ಲಿ ಇಟ್ಟರೂ 16,000 ಬೈಟ್ ಅಷ್ಟೇ. ಇದು ಪ್ರೊಸೆಸರಿನ ಅತಿ ಹತ್ತಿರದ ಕ್ಯಾಶ್‌ನಲ್ಲೇ ಹಿಡಿಯುತ್ತದೆ, ಓದುವುದೂ ಸಾಲಾಗಿ. ಹೀಪ್ ಆದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತಿರುತ್ತದೆ.

ಆದರೆ ಇಂತಹ ತೂಕಗಳು ತಾವಾಗಿ ಬರುವುದು ಅಪರೂಪ. ಪ್ರತಿ ನೋಡ್‌ಗೆ ಬರುವ ಎಡ್ಜ್‌ಗಳ ತೂಕ ಯಾದೃಚ್ಛಿಕವಾಗಿ ಹಂಚಿಹೋಗಿದ್ದರೆ, ಆ ನೋಡ್‌ನ ದೂರ ಇಳಿಯುವ ಸಲಗಳು ಸರಾಸರಿಯಲ್ಲಿ ಎಡ್ಜ್‌ಗಳ ಸಂಖ್ಯೆಯ ಲಾಗರಿದಮ್ ಅನ್ನು ಹೆಚ್ಚೇನೂ ಮೀರುವುದಿಲ್ಲ. ಕಾರಣ ಸರಳ: ಹತ್ತು ಪ್ರಯತ್ನ ಆದ ಮೇಲೆ ಹನ್ನೊಂದನೆಯದು ಹಿಂದಿನ ಹತ್ತಕ್ಕಿಂತಲೂ ಉತ್ತಮವಾಗಿರುವ ಸಾಧ್ಯತೆ ಹನ್ನೊಂದರಲ್ಲಿ ಒಂದು, ನೂರರ ನಂತರ ನೂರಾಒಂದರಲ್ಲಿ ಒಂದು. 1999 ಎಡ್ಜ್ ಬರುವ ನೋಡ್‌ಗೆ ಈ ಮೊತ್ತ 8ರ ಆಸುಪಾಸು. ಆಗ ಹೀಪ್‌ಗೆ ಹೋಗುವುದು ಲಕ್ಷಗಟ್ಟಲೆ ಅಲ್ಲ, ಹೆಚ್ಚೆಂದರೆ 16,000ದಷ್ಟು ನಮೂದುಗಳು. ಎಡ್ಜ್‌ಗಳನ್ನು ಒಮ್ಮೆ ನೋಡುವ ಕೆಲಸ ಎರಡು ವಿಧಾನಕ್ಕೂ ಇದ್ದೇ ಇದೆ. ಹೀಗಾಗಿ ದಟ್ಟ ಗ್ರಾಫ್‌ನಲ್ಲೂ ಸಾಮಾನ್ಯ ತೂಕಗಳಿದ್ದರೆ ಹೀಪ್ ಹತ್ತಿರ ಹತ್ತಿರ ಸಮಕ್ಕೆ ಬರಬೇಕು, ಕೆಲವೊಮ್ಮೆ ಗೆಲ್ಲಲೂಬಹುದು. ನಿಮ್ಮಲ್ಲಿ ಅರೇ ಸ್ವಲ್ಪ ಮುಂದಿದ್ದರೆ ಆಶ್ಚರ್ಯವಿಲ್ಲ. ಹತ್ತಾರು ಪಟ್ಟು ಮುಂದಿದ್ದರೆ ಮಾತ್ರ ನನಗೆ ಅನುಮಾನ ಬರುತ್ತದೆ. ಮೊದಲಿಗೆ ಹೇಳಿದ ಸಾಲು ನೆನಪಾಗುವುದು ಆಗಲೇ:

```python
while heap:
    d, u = heappop(heap)
    if d > dist[u]:
        continue
    for v, w in adj[u]:
        if d + w < dist[v]:
            dist[v] = d + w
            heappush(heap, (d + w, v))
```

ಪೈಥಾನ್‌ನ `heapq`ನಲ್ಲಿ ಒಳಗಿರುವ ನಮೂದಿನ ದೂರವನ್ನು ಇಳಿಸುವ ಸೌಲಭ್ಯ ಇಲ್ಲ. ಆದ್ದರಿಂದ ಹಳೆಯದನ್ನು ಅಲ್ಲೇ ಬಿಟ್ಟು ಹೊಸದನ್ನು ತಳ್ಳುತ್ತೇವೆ. ಹಳಸಿದ ನಮೂದು ಹೊರಬಂದಾಗ `if d > dist[u]` ಅದನ್ನು ಕೈಬಿಡುತ್ತದೆ. ಈ ಎರಡು ಸಾಲು ಬಿಟ್ಟುಹೋದರೂ ಉತ್ತರ ಸರಿಯಾಗಿಯೇ ಬರುತ್ತದೆ, ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಆದರೆ ಪ್ರತಿ ಹಳಸಿದ ನಮೂದಿಗೂ ಆ ನೋಡ್‌ನ ಎಲ್ಲ ಎಡ್ಜ್‌ಗಳನ್ನು ಮತ್ತೆ ನೋಡಬೇಕಾಗುತ್ತದೆ. ಮೇಲಿನ 2000 ನೋಡ್‌ಗಳ ಉದಾಹರಣೆಯಲ್ಲಿ j ಎಂಬ ನೋಡ್ j ಸಲ ಹೊರಬರುವುದರಿಂದ, ನೋಡಬೇಕಾದ ಎಡ್ಜ್‌ಗಳು 20 ಲಕ್ಷದ ಒಳಗಿದ್ದದ್ದು 133 ಕೋಟಿಗೆ ಏರುತ್ತವೆ. ತಪ್ಪು ಕಣ್ಣಿಗೆ ಬೀಳುವುದು ವೇಗದಲ್ಲಿ ಮಾತ್ರ, ಅದೂ ದಟ್ಟ ಗ್ರಾಫ್‌ನಲ್ಲಿ ಮಾತ್ರ.

ನೀವು ಪೈಥಾನ್‌ನಲ್ಲೇ ಬರೆದಿದ್ದರೆ ಇನ್ನೊಂದು ವಿಷಯವನ್ನೂ ಗಮನಿಸಿ. ಅರೇಯಲ್ಲಿ ಕನಿಷ್ಠವನ್ನು ಹುಡುಕಲು `numpy.argmin` ಬಳಸಿದ್ದರೆ ಆ ಹುಡುಕಾಟ ನಡೆಯುವುದು ಸಿ ಭಾಷೆಯ ವೇಗದಲ್ಲಿ. ಕೈಯಾರೆ `for` ಲೂಪ್ ಬರೆದಿದ್ದರೆ ಅದು ಬಹಳ ನಿಧಾನ, ಆಗ ಸಿಯಲ್ಲಿ ಬರೆದ `heapq`ಗೆ ಅನ್ಯಾಯದ ಮುನ್ನಡೆ ಸಿಗುತ್ತದೆ. ಎರಡೂ ಸಂದರ್ಭಗಳಲ್ಲಿ ನೀವು ಅಳೆಯುತ್ತಿರುವುದು ಅಲ್ಗಾರಿದಮ್‌ಗಳನ್ನಲ್ಲ.

ಗ್ರಾಫ್ ವಿರಳವಾದರೆ ಈ ಚರ್ಚೆಗೆ ಜಾಗವೇ ಇಲ್ಲ. ರಸ್ತೆಗಳ ಗ್ರಾಫ್‌ಗಳು ಅಂಥವು. ಪ್ರಯೋಗಗಳಿಗೆ ಎಲ್ಲರೂ ಬಳಸುವ ನ್ಯೂಯಾರ್ಕ್ ರಸ್ತೆಜಾಲದ ಡಿಮಾಕ್ಸ್ ದತ್ತಾಂಶದಲ್ಲಿ 2,64,346 ನೋಡ್‌ಗಳು, 7,33,846 ಎಡ್ಜ್‌ಗಳಿವೆ. ನೋಡ್ ಒಂದಕ್ಕೆ ಮೂರು ಎಡ್ಜ್ ಕೂಡ ಬರುವುದಿಲ್ಲ. ಅಲ್ಲಿ ಅರೇಯ ಲೆಕ್ಕ `V²`, ಅಂದರೆ ಸುಮಾರು 7,000 ಕೋಟಿ ನೋಟ. ಮುಗಿದ ನೋಡ್‌ಗಳನ್ನು ಅರೇಯಿಂದ ತೆಗೆಯುತ್ತಾ ಹೋದರೂ ಅದರ ಅರ್ಧ. ಹೀಪ್‌ಗೆ ಪ್ರತಿಯೊಂದು ಎಡ್ಜ್ ದೂರ ಇಳಿಸುತ್ತದೆ, ಪ್ರತಿ ನಮೂದೂ ತುದಿಯಿಂದ ಬುಡದವರೆಗೆ ಓಡಾಡುತ್ತದೆ ಎಂದು ಅತಿ ಕೆಟ್ಟದ್ದನ್ನೇ ಹಿಡಿದರೂ 5 ಕೋಟಿ ಹೋಲಿಕೆ ದಾಟುವುದಿಲ್ಲ. ಇಲ್ಲಿ ಕ್ಯಾಶ್ ಆಗಲಿ, ಸಾಲು ಓದು ಆಗಲಿ ಅರೇಯನ್ನು ಉಳಿಸಲಾರವು.

ಹೀಗೆ ವಿರಳವಾದ ಗ್ರಾಫ್ ಅನ್ನು ಮ್ಯಾಟ್ರಿಕ್ಸ್ ರೂಪದಲ್ಲಿ ಇಟ್ಟುಕೊಂಡು, ಅದರ ಮೇಲೆ ಹೀಪ್ ಬಳಸಿ, ಏಕೆ ವೇಗ ಬರಲಿಲ್ಲ ಎಂದು ಕೇಳುವವರನ್ನೂ ನೋಡುತ್ತಿರುತ್ತೇನೆ. ಮ್ಯಾಟ್ರಿಕ್ಸ್‌ನಲ್ಲಿ ಒಂದು ನೋಡ್‌ನ ನೆರೆಯವರನ್ನು ಹುಡುಕಲು ಇಡೀ ಸಾಲನ್ನು ಓದಲೇಬೇಕು, ಹಾಗಾಗಿ `V²` ಅಲ್ಲೇ ಖರ್ಚಾಗಿರುತ್ತದೆ. ಹೀಪ್‌ಗೆ ಉಳಿಸಲು ಏನೂ ಉಳಿದಿರುವುದಿಲ್ಲ. ಮೊದಲು ನೆರೆಪಟ್ಟಿಗೆ ಬದಲಾಯಿಸಬೇಕು, ಹೀಪ್ ಅದರ ನಂತರ.

ನಿಮ್ಮ ಗ್ರಾಫ್‌ಗೆ ಬರೋಣ. ಹೀಪ್ ಆವೃತ್ತಿಯಲ್ಲಿ ಎರಡು ಎಣಿಕೆಗಳನ್ನು ಇಡಿ: ಎಷ್ಟು ಸಲ ತಳ್ಳಿದಿರಿ, ಹೊರಬಂದವುಗಳಲ್ಲಿ ಎಷ್ಟು ಹಳಸಿದ್ದವು. ತಳ್ಳಿದ ಸಂಖ್ಯೆಯನ್ನು 20ರಿಂದ ಗುಣಿಸಿ, 40 ಲಕ್ಷದೊಂದಿಗೆ ಹೋಲಿಸಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ ನಿಮ್ಮ ತೂಕಗಳ ಸ್ವಭಾವವೇ ಹೀಪ್‌ಗೆ ವಿರುದ್ಧವಾಗಿದೆ. ಅರೇ ಗೆದ್ದದ್ದು ನ್ಯಾಯವಾಗಿಯೇ. ತಳ್ಳಿದ್ದು ಹತ್ತಿಪ್ಪತ್ತು ಸಾವಿರವಷ್ಟೇ ಆಗಿದ್ದೂ ಹೀಪ್ ಬಹಳ ಹಿಂದಿದ್ದರೆ ಸಮಯ ಬೇರೆಲ್ಲೋ ಸೋರುತ್ತಿದೆ: ಎಡ್ಜ್ ಲೂಪ್‌ನಲ್ಲಿ, ಅಥವಾ ಪ್ರತಿ ನಮೂದಿಗೆ ಹೊಸ ವಸ್ತು ಸೃಷ್ಟಿಸುವುದರಲ್ಲಿ.

ಜಾವಾದಲ್ಲಿ ಬರೆಯುತ್ತಿದ್ದರೆ ಒಂದು ಎಚ್ಚರಿಕೆ. `PriorityQueue` ಒಳಗಿರುವ ವಸ್ತುವಿನ ದೂರವನ್ನು ಹೊರಗಿನಿಂದ ನೇರವಾಗಿ ಬದಲಾಯಿಸಬೇಡಿ. ಅದು ಬದಲಾದದ್ದು ಹೀಪ್‌ಗೆ ತಿಳಿಯುವುದಿಲ್ಲ, ವಸ್ತು ಹಳೆಯ ಜಾಗದಲ್ಲೇ ಕುಳಿತಿರುತ್ತದೆ, ಕ್ರಮ ಒಳಗೇ ಮುರಿದಿರುತ್ತದೆ. ಇದರಿಂದ ವೇಗವಲ್ಲ, ಉತ್ತರವೇ ತಪ್ಪಬಹುದು, ಅದೂ ಕೆಲವು ಗ್ರಾಫ್‌ಗಳಲ್ಲಿ ಮಾತ್ರ. `remove` ಮಾಡಿ ಮತ್ತೆ ಸೇರಿಸಿದರೆ ಉತ್ತರ ಸರಿಯಾಗುತ್ತದೆ, ಆದರೆ ಆ `remove` ಇಡೀ ಹೀಪ್ ಅನ್ನು ಸಾಲಾಗಿ ಹುಡುಕುತ್ತದೆ. ಅರೇಯ ದುಬಾರಿ ಕೆಲಸವನ್ನೇ ಹೀಪ್‌ಗೆ ತಂದು ಹೇರಿದಂತೆ. ಮುರಿದದ್ದನ್ನು ಹಿಡಿಯಲು ಸುಲಭದ ಪರೀಕ್ಷೆ ಇದೆ. ಋಣ ತೂಕಗಳಿಲ್ಲದ ಗ್ರಾಫ್‌ನಲ್ಲಿ ಹೀಪ್‌ನಿಂದ ಹೊರಬರುವ ದೂರಗಳು ಎಂದಿಗೂ ಹಿಂದಿನದಕ್ಕಿಂತ ಕಡಿಮೆಯಾಗಬಾರದು. ಪ್ರತಿ ಸಲ ಹೊರತೆಗೆದಾಗ ಹಿಂದಿನ ದೂರದೊಂದಿಗೆ ಹೋಲಿಸುವ ಒಂದು `assert` ಹಾಕಿ. ಅದು ಒಮ್ಮೆ ಸಿಡಿದರೂ ಸಾಕು, ತಪ್ಪು ಹೀಪ್ ಬಳಸಿದ ರೀತಿಯಲ್ಲಿದೆಯೋ ತೂಕಗಳಲ್ಲಿದೆಯೋ ಎಂದು ಹುಡುಕಬೇಕಾದ ಜಾಗ ಎರಡಕ್ಕೇ ಇಳಿಯುತ್ತದೆ.