ಬೆಲ್ಲದ ಚಹಾ ತಕ್ಕಡಿ ಮೇಲೆ

ಪ್ರಶ್ನೆ: ಎರಡು ತಿಂಗಳಿಂದ ಬಿಳಿ ಸಕ್ಕರೆ ಮುಟ್ಟಿಲ್ಲ. ಚಹಾಕ್ಕೆ ಬೆಲ್ಲ, ಬೆಳಗ್ಗೆ ನಿಂಬೆ ನೀರಿಗೆ ಜೇನುತುಪ್ಪ. ತೂಕ ಮಾತ್ರ ಅಲ್ಲೇ ನಿಂತಿದೆ. ತೆಂಗಿನ ಸಕ್ಕರೆಗೆ ಹೋದರೆ ಏನಾದರೂ ಆಗುತ್ತಾ? ಇವುಗಳಲ್ಲಿ ಕ್ಯಾಲರಿ ನಿಜಕ್ಕೂ ಕಡಿಮೆ ಇರುತ್ತಾ?

ಇಲ್ಲ, ಏನೂ ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದೇ ದಾರಿಯಲ್ಲಿ ಹೋಗಿ ಬಂದವಳು. ಈಗ ಡಯಟೀಷಿಯನ್ ಆಗಿದ್ದೇನೆ. ಓದುವ ಕಾಲದಲ್ಲಿ ಮೂರು ತಿಂಗಳು ಬೆಲ್ಲದ ಚಹಾ ಕುಡಿದು, ತೂಕ ಯಾಕೆ ಇಳಿಯುತ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಒಂದು ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಒಲೆ ಪಕ್ಕದಲ್ಲೇ ಇಟ್ಟೆ. ಉತ್ತರ ಸಿಕ್ಕಿದ್ದು ಅದರ ಮೇಲೆ.

ಮೊದಲು 100 ಗ್ರಾಂ ಲೆಕ್ಕ ಹೇಳಿಬಿಡುತ್ತೇನೆ. ಬಿಳಿ ಸಕ್ಕರೆಯಲ್ಲಿ ಸುಮಾರು 390 ಕ್ಯಾಲರಿ. ತೆಂಗಿನ ಸಕ್ಕರೆಯಲ್ಲಿ 375ರ ಆಸುಪಾಸು. ಬೆಲ್ಲದಲ್ಲಿ, ಅದು ಎಷ್ಟು ಒಣಗಿದೆ ಅನ್ನುವುದರ ಮೇಲೆ, 350ರಿಂದ 380. ಜೇನುತುಪ್ಪದಲ್ಲಿ ಸುಮಾರು 304. ಇದನ್ನು ನೋಡಿದ ಕೂಡಲೇ ಜೇನುತುಪ್ಪ ಗೆದ್ದಿತು ಅನ್ನಿಸುತ್ತದೆ, ಅಲ್ವಾ? ಅದರಲ್ಲಿ ಶೇಕಡಾ 17ರಷ್ಟು ನೀರಿದೆ, ಕ್ಯಾಲರಿ ಕಡಿಮೆ ಕಾಣುವುದು ಅದಕ್ಕೇ. ಬೆಲ್ಲ, ತೆಂಗಿನ ಸಕ್ಕರೆಯಲ್ಲೂ ಹೀಗೇ. ಸ್ವಲ್ಪ ತೇವ, ಸ್ವಲ್ಪ ಖನಿಜ, ಉಳಿದದ್ದೆಲ್ಲ ಸಕ್ಕರೆಯೇ. ಕಬ್ಬಿನ ರಸ ಕಾಯಿಸಿದರೆ ಬೆಲ್ಲ, ತೆಂಗಿನ ಹೊಂಬಾಳೆಯ ರಸ ಕಾಯಿಸಿದರೆ ತೆಂಗಿನ ಸಕ್ಕರೆ. ಎರಡರಲ್ಲೂ ಹೆಚ್ಚಿನ ಪಾಲು ಸುಕ್ರೋಸ್. ಬಿಳಿ ಸಕ್ಕರೆಯಲ್ಲಿ ಇರುವುದೂ ಅದೇ.

ಆದರೆ ನಾವು ಯಾರೂ 100 ಗ್ರಾಂ ಲೆಕ್ಕದಲ್ಲಿ ಹಾಕಿಕೊಳ್ಳುವುದಿಲ್ಲ. ಚಮಚದಲ್ಲಿ ಹಾಕುತ್ತೇವೆ, ನಾಲಿಗೆ ಸಾಕು ಅನ್ನುವವರೆಗೆ ಹಾಕುತ್ತೇವೆ. ಎಡವುವುದು ಇಲ್ಲೇ.

ನನ್ನ ತಕ್ಕಡಿ ತೋರಿಸಿದ್ದು ಇಷ್ಟು. ಸಕ್ಕರೆ ಹಾಕುತ್ತಿದ್ದಾಗ ಒಂದು ಲೋಟ ಚಹಾಕ್ಕೆ ಎರಡು ಟೀ ಚಮಚ, ತಲೆ ತಟ್ಟಿ ಸಮ ಮಾಡಿದ್ದು. ಅಂದರೆ 8 ಗ್ರಾಂ, ಹೆಚ್ಚುಕಡಿಮೆ 31 ಕ್ಯಾಲರಿ. ಬೆಲ್ಲಕ್ಕೆ ಬದಲಾದ ಮೇಲೆ ಅಳತೆ ಅನ್ನುವುದೇ ಹೋಗಿತ್ತು. ಡಬ್ಬಿಯಿಂದ ಒಂದು ತುಂಡು ಮುರಿದು ಹಾಕುತ್ತಿದ್ದೆ, ಕುಡಿದು ನೋಡಿ ಸಪ್ಪೆ ಅನ್ನಿಸಿದರೆ ಇನ್ನೊಂದು ಚೂರು. ಆ ಎರಡು ತುಂಡು ತೂಕಕ್ಕೆ ಇಟ್ಟರೆ 11 ಗ್ರಾಂ. ಕ್ಯಾಲರಿ ಸುಮಾರು 40. ಸಿಹಿ ಮಾತ್ರ ಮೊದಲಿನಷ್ಟೇ! ಬೆಲ್ಲದಲ್ಲಿ ನೀರು, ಖನಿಜ ಸೇರಿಕೊಂಡಿರುವುದರಿಂದ ಗ್ರಾಂಗೆ ಗ್ರಾಂ ಅದು ಸ್ವಲ್ಪ ಕಡಿಮೆ ಸಿಹಿ. ಹಾಗಾಗಿ ಕೈ ತಾನಾಗಿಯೇ ಜಾಸ್ತಿ ಹಾಕುತ್ತದೆ.

ದಿನಕ್ಕೆ ಮೂರು ಲೋಟ. ಸಕ್ಕರೆಯಲ್ಲಿದ್ದಾಗ 94 ಕ್ಯಾಲರಿ, ಬೆಲ್ಲದಲ್ಲಿ 120. ತೂಕ ಇಳಿಸಲು ಹೊರಟವಳು ಇಪ್ಪತ್ತೈದು ಕ್ಯಾಲರಿ ಏರಿಸಿಕೊಂಡು ಕೂತಿದ್ದೆ.

ಜೇನುತುಪ್ಪದ ಕಥೆ ಇನ್ನೂ ಮಜಾ ಇದೆ. ಅದು ಗಟ್ಟಿ ದ್ರವ, ಭಾರ ಜಾಸ್ತಿ. ಒಂದು ಟೀ ಚಮಚ ಸಕ್ಕರೆ 4 ಗ್ರಾಂ ತೂಗಿದರೆ, ಅದೇ ಚಮಚದ ಜೇನುತುಪ್ಪ 7 ಗ್ರಾಂ ತೂಗುತ್ತದೆ. ಸಕ್ಕರೆಯ ಚಮಚಕ್ಕೆ 16 ಕ್ಯಾಲರಿ, ಜೇನಿನ ಚಮಚಕ್ಕೆ 21. ಇದು ಸಮ ಮಾಡಿದ ಚಮಚದ ಮಾತು. ಜೇನುತುಪ್ಪವನ್ನು ಯಾರಾದರೂ ಸಮ ಮಾಡಿ ಹಾಕುವುದನ್ನು ನೀವು ನೋಡಿದ್ದೀರಾ? ಚಮಚದ ಕೆಳಗೂ ಅಂಟಿಕೊಂಡಿರುತ್ತದೆ, ಅದನ್ನೂ ನೀರಲ್ಲಿ ಕದಡಿ ಬಿಡುತ್ತೇವೆ. ನಿಮ್ಮ ನಿಂಬೆ ನೀರಿಗೆ ಬೀಳುವುದು ದೊಡ್ಡ ಚಮಚದಲ್ಲಾದರೆ ಅದು 21 ಗ್ರಾಂ, 64 ಕ್ಯಾಲರಿ. ಬೆಳಗ್ಗೆ ಎದ್ದ ಕೂಡಲೇ ನಾಲ್ಕು ಚಮಚ ಸಕ್ಕರೆ ಕುಡಿದ ಹಾಗೆ.

ಜೇನಿಗೆ ಒಂದು ನಿಜವಾದ ಅನುಕೂಲವೂ ಇದೆ. ಅದರಲ್ಲಿ ಫ್ರಕ್ಟೋಸ್ ಜಾಸ್ತಿ. ಫ್ರಕ್ಟೋಸ್ ತಣ್ಣಗಿರುವಾಗ ಸಕ್ಕರೆಗಿಂತ ಸಿಹಿ, ಬಿಸಿಯಾದರೆ ಅದರ ಸಿಹಿ ಇಳಿಯುತ್ತದೆ. ಹಾಗಾಗಿ ತಣ್ಣನೆಯ ನಿಂಬೆ ನೀರಿಗೋ ಮೊಸರಿಗೋ ಕಡಿಮೆ ಜೇನು ಹಾಕಿ ಸುಧಾರಿಸಬಹುದು. ಕುದಿಯುವ ಚಹಾಕ್ಕೆ ಹಾಕಿದರೆ ಆ ಲಾಭ ಹೋಗುತ್ತದೆ, ಇನ್ನೊಂದು ಚಮಚ ಬೇಕು ಅನ್ನಿಸುತ್ತದೆ. ಜೇನು ಇಷ್ಟ ಇದ್ದರೆ ತಣ್ಣಗಿನದಕ್ಕೇ ಇಟ್ಟುಕೊಳ್ಳಿ, ಅರ್ಧ ಟೀ ಚಮಚದಿಂದ ಶುರು ಮಾಡಿ. (ಮನೆಯಲ್ಲಿ ಒಂದು ವರ್ಷದೊಳಗಿನ ಮಗು ಇದ್ದರೆ ಅದಕ್ಕೆ ಮಾತ್ರ ಒಂದು ತೊಟ್ಟೂ ಬೇಡ. ಜೇನಿನಲ್ಲಿರಬಹುದಾದ ಬೊಟುಲಿನಂ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು.)

ಕೇಕ್ ಮಾಡುವವರು ಒಂದು ನಿಯಮ ಹೇಳುತ್ತಾರೆ: ಒಂದು ಕಪ್ ಸಕ್ಕರೆ ಬದಲು ಮುಕ್ಕಾಲು ಕಪ್ ಜೇನು. ಒಮ್ಮೆ ಕುತೂಹಲಕ್ಕೆ ಲೆಕ್ಕ ಹಾಕಿದೆ. ಒಂದು ಕಪ್ ಸಕ್ಕರೆ 200 ಗ್ರಾಂ, ಸುಮಾರು 775 ಕ್ಯಾಲರಿ. ಮುಕ್ಕಾಲು ಕಪ್ ಜೇನು 255 ಗ್ರಾಂ, ಅದೂ 775! ಸಿಹಿ ಸರಿ ಹೊಂದಿಸಲು ಹೋದರೆ ಕ್ಯಾಲರಿಯೂ ಬಂದು ಅದೇ ಜಾಗದಲ್ಲಿ ಕೂರುತ್ತದೆ. ನಾಲಿಗೆಗೆ ಸಿಹಿ ಕೊಡುವುದೂ ಸಕ್ಕರೆಯೇ, ಕ್ಯಾಲರಿ ಕೊಡುವುದೂ ಅದೇ.

ಈಗ ನೀವು ಕೇಳಿದ ತೆಂಗಿನ ಸಕ್ಕರೆ. ಅದರ ಹೆಸರು ಓಡುತ್ತಿರುವುದು ಗ್ಲೈಸೆಮಿಕ್ ಇಂಡೆಕ್ಸ್ ಕಡಿಮೆ ಅಂತ. ರಕ್ತದಲ್ಲಿ ಸಕ್ಕರೆ ಎಷ್ಟು ಏರುತ್ತದೆ ಅನ್ನುವ ಅಂಕಿ ಅದು. ಗ್ಲೂಕೋಸಿಗೆ 100, ಬಿಳಿ ಸಕ್ಕರೆಗೆ 65ರ ಹತ್ತಿರ. ತೆಂಗಿನ ಸಕ್ಕರೆಗೆ ಒಂದು ಪರೀಕ್ಷೆ 35 ಅಂದರೆ ಇನ್ನೊಂದು 54 ಅನ್ನುತ್ತದೆ. ಇಷ್ಟು ದೊಡ್ಡ ಅಂತರ ಯಾಕೆ? ಈ ಪರೀಕ್ಷೆಗೆ ಸಾಮಾನ್ಯವಾಗಿ ಕೂರಿಸುವುದು ಹತ್ತು ಜನರನ್ನು. ಅವರಿಗೆ 50 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ತಿನ್ನಿಸಿ, ಎರಡು ಗಂಟೆ ರಕ್ತ ನೋಡುತ್ತಾರೆ. ಒಬ್ಬೊಬ್ಬರ ದೇಹ ಒಂದೊಂದು ಥರ, ತೆಂಗಿನ ಸಕ್ಕರೆಯೂ ಒಂದೊಂದು ಕಡೆ ಒಂದೊಂದು ಥರ. 54 ಅನ್ನೇ ನಿಜ ಅಂದುಕೊಳ್ಳಿ. ಚಹಾಕ್ಕೆ ಹಾಕುವ ಎರಡು ಚಮಚದಲ್ಲಿ, ಜೊತೆಗೆ ತಿಂಡಿಯನ್ನೂ ತಿನ್ನುವಾಗ, 65ಕ್ಕೂ 54ಕ್ಕೂ ಇರುವ ವ್ಯತ್ಯಾಸ ನಿಮಗೆ ಕಾಣುವುದೇ ಇಲ್ಲ. ತೂಕಕ್ಕಂತೂ ಈ ಅಂಕಿಗೂ ಸಂಬಂಧವೇ ಇಲ್ಲ. ಅದು ಏರಿಕೆ ಎಷ್ಟು ಅಂತ ಹೇಳುತ್ತದೆ, ಕ್ಯಾಲರಿ ಎಷ್ಟು ಅಂತ ಹೇಳುವುದಿಲ್ಲ.

ನಮ್ಮ ಅಮ್ಮನಿಗೆ ಶುಗರ್ ಇದೆ. "ಬೆಲ್ಲ ತಾನೇ, ಏನಾಗಲ್ಲ" ಅಂತ ಒಂದು ಕಾಲದಲ್ಲಿ ಚಹಾಕ್ಕೂ ಬೆಲ್ಲ, ಊಟ ಆದಮೇಲೆ ಬಾಯಿಗೂ ಒಂದು ತುಂಡು. ಊಟದ ನಂತರದ ರೀಡಿಂಗ್ ಏರುತ್ತಲೇ ಇತ್ತು. ಅಮ್ಮ ಬೈದದ್ದು ಗ್ಲುಕೋಮೀಟರನ್ನು. ಅದೂ ಪೂರ್ತಿ ತಪ್ಪಲ್ಲ, ಒಳ್ಳೆಯ ಮೀಟರ್ ಕೂಡ ಶೇಕಡಾ 15ರಷ್ಟು ಆಚೀಚೆ ತೋರಿಸಬಹುದು. 180 ಅಂತ ಕಂಡರೆ ನಿಜ 155 ಇರಬಹುದು, 205 ಇರಬಹುದು. ಆದರೆ ವಾರಗಟ್ಟಲೆ ಒಂದೇ ದಿಕ್ಕಿಗೆ ಏರುತ್ತಿದ್ದರೆ ಅದು ಮೀಟರಿನ ತಪ್ಪಲ್ಲ. ಊಟದ ನಂತರದ ಆ ತುಂಡನ್ನು ತೂಗಿದೆ: 15 ಗ್ರಾಂ. ಸಕ್ಕರೆ ಆಗಿದ್ದರೆ ಅಮ್ಮ ಅದನ್ನು ಖಂಡಿತ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ನನ್ನ ಕೆಲಸದಲ್ಲಿ ಇದನ್ನು ಪದೇ ಪದೇ ನೋಡುತ್ತೇನೆ. ಒಳ್ಳೆಯದು ಅಂತ ಹೆಸರು ಬಿದ್ದ ಕೂಡಲೇ ಕೈಗೆ ಬಿಗಿ ಇರುವುದಿಲ್ಲ. ಶುಗರ್ ಇದ್ದವರು ಬೆಲ್ಲವನ್ನೂ ಜೇನನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಬೇಕು.

ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಒಂದೊಂದು ಬೆಲ್ಲದಲ್ಲಿ ಒಂದೊಂದು ಪ್ರಮಾಣ. 100 ಗ್ರಾಂಗೆ 5 ಮಿಲಿಗ್ರಾಂ ಅಂತ ಉದಾರವಾಗಿಯೇ ಹಿಡಿಯೋಣ. ನನ್ನ ಒಂದು ಲೋಟದ 11 ಗ್ರಾಂನಲ್ಲಿ ಸಿಕ್ಕಿದ್ದು ಅರ್ಧ ಮಿಲಿಗ್ರಾಂ. ಅದರಲ್ಲೂ ದೇಹ ಹೀರುವುದು ಚಿಕ್ಕ ಪಾಲು, ಮೇಲಾಗಿ ಚಹಾದ ಟ್ಯಾನಿನ್ ಅದಕ್ಕೂ ಅಡ್ಡಿ. ರಕ್ತಹೀನತೆಗೆ ಬೆಲ್ಲದ ಚಹಾ ಕುಡಿಯುವುದು ಸುಮ್ನೆ ಸಮಾಧಾನ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಸಕ್ಕರೆಯ ಮಿತಿಯಲ್ಲೂ ಜೇನುತುಪ್ಪಕ್ಕೆ ರಿಯಾಯಿತಿ ಇಲ್ಲ. ದಿನದ ಕ್ಯಾಲರಿಯ ಶೇಕಡಾ 10ಕ್ಕಿಂತ ಕಡಿಮೆ, ಸಾಧ್ಯವಾದರೆ 5ಕ್ಕಿಂತ ಕಡಿಮೆ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ 50 ಗ್ರಾಂ, ಸಾಧ್ಯವಾದರೆ 25. ಬೇರೆ ತಿಂಡಿಯಲ್ಲಿ ಸೇರಿಕೊಂಡ ಸಕ್ಕರೆಯೂ ಇದರೊಳಗೇ ಬರಬೇಕು.

ಹಾಗಾದರೆ ನಾನು ಏನು ಮಾಡಿದೆ? ಬಿಳಿ ಸಕ್ಕರೆಗೇ ವಾಪಸ್ ಬಂದೆ, ತೂಗುವುದು ಸುಲಭ ಅಂತ. ಲೋಟಕ್ಕೆ 8 ಗ್ರಾಂ ಇದ್ದದ್ದನ್ನು ವಾರಕ್ಕೆ 1 ಗ್ರಾಂನಂತೆ ಇಳಿಸಿದೆ. 5 ಗ್ರಾಂ ತನಕ ಗೊತ್ತೇ ಆಗಲಿಲ್ಲ. 4ಕ್ಕೆ ಬಂದಾಗ ಒಂದು ವಾರ ಸಪ್ಪೆ ಅನ್ನಿಸಿತು, ಆಮೇಲೆ ಅದೇ ರೂಢಿಯಾಯಿತು. ಈಗ ಯಾರಾದರೂ ಎರಡು ಚಮಚ ಹಾಕಿ ಕೊಟ್ಟರೆ ಪಾಯಸದ ಹಾಗೆ ಅನ್ನಿಸುತ್ತದೆ.

ಇದರಿಂದ ಉಳಿದದ್ದೆಷ್ಟು ಅಂತ ನೇರವಾಗಿ ಹೇಳುತ್ತೇನೆ. ದಿನಕ್ಕೆ 12 ಗ್ರಾಂ, ಅಂದರೆ 47 ಕ್ಯಾಲರಿ. ತಿಂಗಳಿಗೆ 1400. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲರಿ ಅನ್ನುವ ಒರಟು ಲೆಕ್ಕ ಹಿಡಿದರೆ ತಿಂಗಳಿಗೆ ಇನ್ನೂರು ಗ್ರಾಂ ಕೂಡ ಇಲ್ಲ. ಅದೂ ಕಾಗದದ ಮೇಲೆ. ನೀರು, ಉಪ್ಪಿನಿಂದಲೇ ದಿನದಿಂದ ದಿನಕ್ಕೆ ತೂಕ ಒಂದು ಕಿಲೋ ಆಚೀಚೆ ಆಗುತ್ತದೆ, ಈ ಇನ್ನೂರು ಗ್ರಾಂ ಅದರಲ್ಲಿ ಎಲ್ಲಿ ಕಾಣಬೇಕು? ನಿಮ್ಮ ಸಕ್ಕರೆ ಇರುವುದು ಚಹಾದಲ್ಲಿ ಮಾತ್ರ ಅಂದರೆ, ಅದನ್ನು ಪೂರ್ತಿ ಬಿಟ್ಟರೂ ಎರಡು ತಿಂಗಳಲ್ಲಿ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ. ತೂಕ ನಿಂತಿರುವ ಕಾರಣ ಬಹುಶಃ ತಟ್ಟೆಯಲ್ಲಿದೆ. ತಂಪು ಪಾನೀಯ, ಬಿಸ್ಕತ್ತು, ಸಿಹಿತಿಂಡಿ ಜಾಸ್ತಿ ಇದ್ದರೆ ಆ ಮಾತೇ ಬೇರೆ, ಅಲ್ಲಿ ಕೈ ಹಾಕಿದರೆ ಫಲ ಕಾಣುತ್ತದೆ.

ತೆಂಗಿನ ಸಕ್ಕರೆಯ ಆ ಕ್ಯಾರಮೆಲ್ ಥರದ ರುಚಿ ಇಷ್ಟವಾದರೆ ಕೊಂಡು ತನ್ನಿ, ತಪ್ಪೇನಿಲ್ಲ. ಬೆಲ್ಲದ ಚಹಾ ನನಗೂ ಇಷ್ಟ, ಮಳೆ ಬಂದ ದಿನ ಈಗಲೂ ಮಾಡಿಕೊಳ್ಳುತ್ತೇನೆ. ತುಂಡು ಮುರಿದು ಮೊದಲು ತಕ್ಕಡಿಗೆ, ಆಮೇಲೆ ಲೋಟಕ್ಕೆ. 5 ಗ್ರಾಂ.