ಎರಡು ದರದ ಅಕ್ಕಿ ಬೆರೆಸುವ ಅನುಪಾತ

ಪ್ರಶ್ನೆ: ಕಿಲೋಗೆ 42 ರೂ. ಮತ್ತು 60 ರೂ. ದರದ ಅಕ್ಕಿ ಬೆರೆಸಿ ಸರಾಸರಿ 48 ರೂ. ಬರಬೇಕು. ಯಾವ ಅನುಪಾತ?

ಉತ್ತರ: ಅಗ್ಗದ್ದು 2 ಪಾಲು, ದುಬಾರಿಯದು 1 ಪಾಲು.

ಅಗ್ಗದ ಅಕ್ಕಿ ಸರಾಸರಿಗಿಂತ 6 ರೂ. ಕಡಿಮೆ, ದುಬಾರಿಯದು 12 ರೂ. ಹೆಚ್ಚು. ದುಬಾರಿ ಅಕ್ಕಿಯ ಒಂದು ಕಿಲೋ ತರುವ 12ರ ಹೆಚ್ಚಳವನ್ನು ಸರಿದೂಗಿಸಲು ಅಗ್ಗದ್ದು ಎರಡು ಕಿಲೋ ಬೇಕು. ಆದ್ದರಿಂದಲೇ ವ್ಯತ್ಯಾಸಗಳನ್ನು ಅಡ್ಡಡ್ಡಲಾಗಿ ಬರೆಯುತ್ತೇವೆ: 12 ಅಗ್ಗದ್ದರ ಕೆಳಗೆ, 6 ದುಬಾರಿಯದರ ಕೆಳಗೆ. ಅದಲುಬದಲಾದರೆ ಸರಾಸರಿ 54 ಆಗುತ್ತದೆ, ಹಾಗಾಗಿ ಒಮ್ಮೆ ತಾಳೆ ನೋಡಿ: (2×42 + 60) ÷ 3 = 48.

ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಲಾಭ ಸೇರಿದಾಗ. 48 ಎಂಬುದು ಶೇ. 20 ಲಾಭದ ಮಾರಾಟ ಬೆಲೆಯಾಗಿದ್ದರೆ ಮೊದಲು ಅಸಲು ಬೆಲೆ ತೆಗೆಯಬೇಕು: 48 ÷ 1.2 = 40. ಅದು 42ಕ್ಕಿಂತಲೂ ಕಡಿಮೆ. ಈ ಎರಡು ಅಕ್ಕಿಗಳನ್ನು ಹೇಗೆ ಬೆರೆಸಿದರೂ ಆ ಸರಾಸರಿ ಬರುವುದಿಲ್ಲ.