ಎಟಿಆರ್ ನೋಡಿ ಸ್ಟಾಪ್ ಲಾಸ್ ಹಾಕುವುದು ಹೇಗೆ?

ಪ್ರಶ್ನೆ: ನಾನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ಯಾವ ಷೇರು ತಗೊಂಡ್ರೂ ಶೇ 5ಕ್ಕೆ ಸ್ಟಾಪ್ ಲಾಸ್ ಹಾಕ್ತೀನಿ. ಕೆಲವು ಷೇರು ಸ್ಟಾಪ್ ಹಿಟ್ ಆಗಿ, ಮಾರಿಹೋದ ಮೇಲೆ ಮತ್ತೆ ಏರುತ್ತವೆ. ಎಟಿಆರ್ ನೋಡಿ ಹಾಕಿ ಅಂತಾರೆ. ಹೇಗೆ? ಕ್ಲಾಸ್ ಇರುವಾಗ ಫೋನ್ ನೋಡೋಕೆ ಆಗಲ್ಲ.

ಉತ್ತರ: ಎಲ್ಲ ಷೇರಿಗೂ ಒಂದೇ ಅಳತೆ ಹಾಕುವುದೇ ಇಲ್ಲಿ ತೊಂದರೆ, ಮೇಷ್ಟ್ರೇ. ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ಜುಲೈ ತಿಂಗಳಲ್ಲಿ ಮೂಡಿಗೆರೆ ಕಡೆ ದಿನಕ್ಕೆ ಎರಡು ಇಂಚು ಮಳೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಷ್ಟೇ ಮಳೆ ಕಡೂರಿಗೆ ಬಿದ್ದರೆ ಊರೆಲ್ಲ ಅದೇ ಮಾತು. ಒಂದು ಷೇರಿಗೆ ದಿನಕ್ಕೆ ಎಷ್ಟು ರೂಪಾಯಿ ಓಡಾಟ ಮಾಮೂಲು ಅನ್ನುವುದನ್ನು ಎಟಿಆರ್ ಹೇಳುತ್ತದೆ. ಸ್ಟಾಪ್ ಅದರಾಚೆ ಇರಬೇಕು, ಅಷ್ಟೇ ಲೆಕ್ಕ.

ಇದನ್ನು 1978ರಲ್ಲಿ ವೆಲ್ಸ್ ವೈಲ್ಡರ್ ಅನ್ನುವವರು ಕೊಟ್ಟರು. ದಿನದ ಗರಿಷ್ಠದಿಂದ ಕನಿಷ್ಠ ಕಳೆದರೆ ಆಯ್ತಲ್ವಾ ಅನ್ನಿಸಬಹುದು. ಆದರೆ ಬೆಳಿಗ್ಗೆ ಗ್ಯಾಪ್ ಬಿದ್ದು ಓಪನ್ ಆದರೆ ಆ ಲೆಕ್ಕ ಸುಳ್ಳು ಹೇಳುತ್ತದೆ. ನಿನ್ನೆ 500ಕ್ಕೆ ಮುಗಿದ ಷೇರು ಇವತ್ತು 484ಕ್ಕೆ ಓಪನ್ ಆಯ್ತು, 492ರವರೆಗೆ ಏರಿತು, 481ರವರೆಗೆ ಇಳಿಯಿತು ಅಂದುಕೊಳ್ಳಿ. ದಿನದೊಳಗಿನ ಓಡಾಟ ಬರೀ 11 ರೂಪಾಯಿ. ಆದರೆ ಷೇರು ಇಟ್ಟುಕೊಂಡು ಕೂತಿದ್ದ ನಿಮಗೆ ಅದು 500ರಿಂದ 481ಕ್ಕೆ, ಅಂದರೆ 19 ರೂಪಾಯಿ ಇಳಿದಿದೆ. ಹಾಗಾಗಿ ನಿನ್ನೆಯ ಮುಕ್ತಾಯವನ್ನೂ ಸೇರಿಸಿ, ಯಾವ ಅಂತರ ದೊಡ್ಡದೋ ಅದನ್ನೇ ಆ ದಿನದ ಓಡಾಟ ಅಂತ ಹಿಡಿಯುತ್ತಾರೆ. ಸಾಮಾನ್ಯವಾಗಿ 14 ದಿನಕ್ಕೆ ಅದರ ಸರಾಸರಿಯೇ ಎಟಿಆರ್. ಲೆಕ್ಕ ನೀವು ಮಾಡಬೇಕಿಲ್ಲ. ಡೈಲಿ ಚಾರ್ಟ್ ತೆರೆದು ಇಂಡಿಕೇಟರ್ ಪಟ್ಟಿಯಲ್ಲಿ Average True Range ಹಾಕಿದರೆ ಕೆಳಗೆ ಒಂದು ಗೆರೆ ಬರುತ್ತದೆ. ಅಲ್ಲಿ ಕಾಣುವ ಅಂಕಿ ರೂಪಾಯಿಯಲ್ಲಿರುತ್ತದೆ, ಶೇಕಡಾದಲ್ಲಲ್ಲ.

ಈಗ ಎರಡು ಷೇರು ಇಟ್ಟುಕೊಂಡು ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಎರಡೂ 500 ರೂಪಾಯಿ. ಒಂದು ಸೋಪು-ಬಿಸ್ಕತ್ತಿನ ದೊಡ್ಡ ಕಂಪನಿಯದು, ಎಟಿಆರ್ 7. ಇನ್ನೊಂದು ಮಧ್ಯಮ ಗಾತ್ರದ ಲೋಹದ ಕಂಪನಿಯದು, ಎಟಿಆರ್ 18. ನಿಮ್ಮ ಶೇ 5ರ ಪ್ರಕಾರ ಎರಡಕ್ಕೂ ಸ್ಟಾಪ್ 475. ಸೋಪಿನ ಷೇರಿಗೆ ಈ 25 ರೂಪಾಯಿ ಅಂದರೆ ಮೂರೂವರೆ ದಿನದ ಓಡಾಟ. ಲೋಹದ ಷೇರಿಗೆ ಒಂದೂವರೆ ದಿನದ್ದೂ ಇಲ್ಲ. ಯಾವ ಕೆಟ್ಟ ಸುದ್ದಿಯೂ ಇಲ್ಲದೆ ಸುಮ್ನೆ ಎರಡು ದಿನ ಮಂದವಾದರೆ ಸಾಕು, ನೀವು ಹೊರಗೆ. ನಿಮ್ಮನ್ನು ಕಾಡಿದ್ದು ಬಹುಶಃ ಇಂಥ ಷೇರುಗಳೇ.

ಎರಡು ಎಟಿಆರ್ ದೂರ ಇಟ್ಟರೆ ಸೋಪಿನ ಷೇರಿಗೆ 500ರಲ್ಲಿ 14 ಕಳೆದು 486, ಲೋಹದ ಷೇರಿಗೆ 36 ಕಳೆದು 464. ಒಂದಕ್ಕೆ ಸ್ಟಾಪ್ ಮೇಲಕ್ಕೆ ಬಂತು, ಇನ್ನೊಂದಕ್ಕೆ ಕೆಳಗೆ ಹೋಯಿತು, ನೋಡಿ.

ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ಲೋಹದ ಷೇರಿಗೆ ಸ್ಟಾಪ್ ದೂರ ಇಟ್ಟು, ಎಷ್ಟು ಷೇರು ತಗೋತಿದ್ದರೋ ಅಷ್ಟೇ ತಗೊಂಡರೆ ನಷ್ಟ ದೊಡ್ಡದಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಎಟಿಆರ್ ಸ್ಟಾಪ್ ಹಾಕಿದ ಮೇಲೆ ಷೇರಿನ ಸಂಖ್ಯೆಯೂ ಬದಲಾಗಲೇಬೇಕು. ಒಂದು ಖರೀದಿ ಕೈಕೊಟ್ಟರೆ 2,000 ರೂಪಾಯಿಗಿಂತ ಜಾಸ್ತಿ ಹೋಗಬಾರದು ಅಂತ ನೀವು ಗೊತ್ತುಮಾಡಿದ್ದೀರಿ ಅನ್ನೋಣ. ಅದನ್ನು ಸ್ಟಾಪ್‌ನ ದೂರದಿಂದ ಭಾಗಿಸಿ. ಸೋಪಿನದು 14ರಿಂದ ಭಾಗಿಸಿದರೆ 142 ಷೇರು, ಲೋಹದ್ದು 36ರಿಂದ ಭಾಗಿಸಿದರೆ 55. ಮೊದಲನೆಯದಕ್ಕೆ 71,000 ರೂಪಾಯಿ ಹಾಕುತ್ತೀರಿ, ಎರಡನೆಯದಕ್ಕೆ 27,500. ಸ್ಟಾಪ್ ಬೆಲೆಗೇ ಮಾರಿಹೋದರೆ ಎರಡರಲ್ಲೂ ನಷ್ಟ ಹೆಚ್ಚು ಕಡಿಮೆ ಒಂದೇ. ನನ್ನ ಕೇಳಿದರೆ ಎಟಿಆರ್‌ನ ನಿಜವಾದ ಉಪಯೋಗ ಇದೇ.

ಎರಡೇ ಯಾಕೆ, ಮೂರು ಯಾಕಲ್ಲ? ಒಂದು ಎಟಿಆರ್ ಮಾತ್ರ ಬೇಡ. ಅಷ್ಟು ಇಳಿಯುವುದು ಒಂದು ದಿನದ ಮಾಮೂಲಿ ಕೆಲಸ. ವಾರಗಟ್ಟಲೆ ಇಟ್ಟುಕೊಳ್ಳುವವರು ಎರಡರಿಂದ ಮೂರರೊಳಗೆ ಇಡುವುದು ರೂಢಿ. ನಾನು ಚಾರ್ಟ್‌ನಲ್ಲಿ ಹಿಂದಕ್ಕೆ ಹೋಗಿ, ಆ ಷೇರು ಏರುತ್ತಿದ್ದಾಗ ನಡುನಡುವೆ ಎಷ್ಟೆಷ್ಟು ಇಳಿದು ಮತ್ತೆ ಎದ್ದಿದೆ ಅಂತ ನೋಡುತ್ತೇನೆ. ಆ ಇಳಿತಗಳನ್ನು ಆಗಿನ ಎಟಿಆರ್‌ನಿಂದ ಭಾಗಿಸುತ್ತೇನೆ. ಸುಮಾರು ಸಲ 2.3, 2.4 ಬಂದರೆ ಆ ಷೇರಿಗೆ ಎರಡು ಸಾಲದು, ಮೂರು ಬೇಕು. ಒಂದು ಎಚ್ಚರ: ಬೋನಸ್, ಸ್ಪ್ಲಿಟ್ ಆಗಿರುವ ಷೇರಿನ ಹಳೆಯ ಬೆಲೆಗಳನ್ನು ಚಾರ್ಟ್ ಸರಿಪಡಿಸಿರದಿದ್ದರೆ ಎಟಿಆರ್ ಇದ್ದಕ್ಕಿದ್ದಂತೆ ಆಕಾಶಕ್ಕೆ ಹಾರಿರುತ್ತದೆ. ಆ ಅಂಕಿಯನ್ನು ನಂಬಬೇಡಿ.

ಬೆಲೆ ಏರಿದಂತೆ ಸ್ಟಾಪ್ ಕೂಡ ಏರಿಸಬೇಕು. ತಗೊಂಡ ಮೇಲಿನ ಅತಿ ಹೆಚ್ಚಿನ ಮುಕ್ತಾಯ ಬೆಲೆಯಿಂದ ಎರಡು ಎಟಿಆರ್ ಕಳೆಯಿರಿ. ಲೋಹದ ಷೇರು 540ರವರೆಗೆ ಹೋಗಿ ಎಟಿಆರ್ 20 ಆಗಿದ್ದರೆ ಸ್ಟಾಪ್ 500. ಎಡವುವುದು ಆಮೇಲೆ. ಮಾರ್ಕೆಟ್ ಕುಸಿಯುವಾಗ ದಿನದ ಓಡಾಟ ಜಾಸ್ತಿಯಾಗಿ ಎಟಿಆರ್ 22ಕ್ಕೆ ಏರುತ್ತದೆ, ಹೊಸ ಲೆಕ್ಕದಲ್ಲಿ ಸ್ಟಾಪ್ 496 ಆಗುತ್ತದೆ. ಬೆಲೆ ಬೀಳುತ್ತಿರುವಾಗಲೇ ಸ್ಟಾಪ್ ಕೂಡ ಅದರ ಮುಂದೆ ಮುಂದೆ ಓಡಿದ ಹಾಗಾಯ್ತು. ಇದಕ್ಕೆ ಬಿಡಬಾರದು. ಒಮ್ಮೆ 500ಕ್ಕೆ ಬಂದ ಸ್ಟಾಪ್ ಕೆಳಗಿಳಿಯುವಂತಿಲ್ಲ.

ಇನ್ನು ನಿಮ್ಮ ಕ್ಲಾಸಿನ ವಿಷಯ. ಎಕ್ಸ್‌ಚೇಂಜ್‌ಗೆ ಹಾಕುವ ಮಾಮೂಲಿ ಸ್ಟಾಪ್ ಲಾಸ್ ಆರ್ಡರ್ ಆ ದಿನಕ್ಕೆ ಮಾತ್ರ. ದಿನಾ ಹಾಕಲಾಗದವರು ಬ್ರೋಕರ್ ಆ್ಯಪ್‌ನಲ್ಲಿ ಜಿಟಿಟಿ ಹಾಕುತ್ತಾರೆ, ಅಂದರೆ ಒಮ್ಮೆ ಹಾಕಿಟ್ಟರೆ ಬೆಲೆ ಅಲ್ಲಿಗೆ ಬರುವವರೆಗೆ ದಿನಗಟ್ಟಲೆ ಕಾಯುವ ಆರ್ಡರ್. ಟ್ರಿಗರ್ 464, ಲಿಮಿಟ್ 460 ಅಂತ ಹಾಕಿದ್ದೀರಿ, ಅಂದರೆ 464ಕ್ಕೆ ಇಳಿದರೆ ಮಾರುವ ಆರ್ಡರ್ ಹೋಗಲಿ, ಆದರೆ 460ಕ್ಕಿಂತ ಕಡಿಮೆಗೆ ಮಾರುವುದು ಬೇಡ ಅಂತ. ಕಂಪನಿಯ ತ್ರೈಮಾಸಿಕ ಫಲಿತಾಂಶ ಕೆಟ್ಟದಾಗಿ ಬಂದು ಬೆಳಿಗ್ಗೆ 9.15ಕ್ಕೆ ಷೇರು 450ಕ್ಕೇ ಓಪನ್ ಆದರೆ? ಟ್ರಿಗರ್ ಆಗುತ್ತದೆ, ಆದರೆ 460ಕ್ಕೆ ಕೊಳ್ಳುವವರು ಯಾರೂ ಇರುವುದಿಲ್ಲ. ಆರ್ಡರ್ ಸಂಜೆಯವರೆಗೆ ಕಾದು ರದ್ದಾಗುತ್ತದೆ. ಟ್ರಿಗರ್ ಆದ ಜಿಟಿಟಿಯ ಕಥೆಯೂ ಅಲ್ಲಿಗೆ ಮುಗಿಯಿತು. ಮಾರನೇ ದಿನ ನಿಮಗೆ ಸ್ಟಾಪ್ ಇಲ್ಲವೇ ಇಲ್ಲ, ಅದು ನಿಮಗೆ ಗೊತ್ತೂ ಇರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಕೂತಾಗ ಆರ್ಡರ್ ಬುಕ್ ಒಂದು ಸಲ ನೋಡಿ. ಕಳೆದ 14 ದಿನದ ಓಡಾಟಕ್ಕೆ ನಾಳೆಯ ಫಲಿತಾಂಶ ಏನು ಗೊತ್ತು? ಅದಕ್ಕೇ ಫಲಿತಾಂಶದ ಹಿಂದಿನ ದಿನ ನಾನು ಅರ್ಧ ಮಾರಿಬಿಡುತ್ತೇನೆ.

ಡಿಡಿಪಿಐ ಕೊಟ್ಟಿದ್ದೀರಾ ಅಂತಲೂ ನೋಡಿಕೊಳ್ಳಿ. ನಿಮ್ಮ ಇಲಾಖೆಯ ಡಿಡಿಪಿಐ ಸಾಹೇಬರಲ್ಲ, ಡಿಮ್ಯಾಟ್‌ನಿಂದ ಷೇರು ಮಾರಲು ಬ್ರೋಕರ್‌ಗೆ ಕೊಡುವ ಅಧಿಕಾರಪತ್ರ. ಅದನ್ನು ಕೊಟ್ಟಿರದಿದ್ದರೆ ನೀವು ಪಿನ್, ಒಟಿಪಿ ಹಾಕಿ ಒಪ್ಪಿಗೆ ಕೊಡುವವರೆಗೆ ಮಾರುವ ಜಿಟಿಟಿ ಟ್ರಿಗರ್ ಆದರೂ ಆರ್ಡರ್ ತಿರಸ್ಕಾರವಾಗಬಹುದು.